ತಪ್ಪಿಗೆ ಯಾರ ಹೊಣೆ ಎಷ್ಟು?

ಲ್ಯಾಬ್ ಪರೀಕ್ಷೆಯ ವೈವಾದಲ್ಲಿ ಬ್ಯಾಕ್‌ಪ್ರೊಪಗೇಶನ್ ಎಂದರೇನು ಎಂದು ಕೇಳಿದರೆ ಉತ್ತರ ತಡವಿಲ್ಲದೆ ಬರುತ್ತದೆ: “ಎರರನ್ನ ಹಿಂದಕ್ಕೆ ಕಳಿಸೋದು ಸರ್.” ಕಳಿಸಿ ಏನಪ್ಪಾ ಮಾಡ್ತೀಯ ಎಂದರೆ, “ವೇಯ್ಟ್ ಅಪ್‌ಡೇಟ್ ಮಾಡೋದು ಸರ್.” ಯಾವ ವೇಯ್ಟನ್ನು, ಎಷ್ಟು, ಆ ‘ಎಷ್ಟು’ ಎಲ್ಲಿಂದ ಬಂತು ಎಂದು ಮೂರನೆಯ ಪ್ರಶ್ನೆ ಹಾಕಿದರೆ ಹುಡುಗ ತಲೆಯ ಮೇಲಿನ ಫ್ಯಾನ್ ನೋಡತೊಡಗುತ್ತಾನೆ. ವಿಷಯವೆಲ್ಲ ಇರುವುದು ಆ ಮೂರನೆಯ ಪ್ರಶ್ನೆಯಲ್ಲೇ. ಅದಕ್ಕೆ ಉತ್ತರ ಹೇಳಲು ಸಾವಿರಾರು ನ್ಯೂರಾನ್‌ಗಳ ಚಿತ್ರ ಬೇಕಿಲ್ಲ. ಮೂರೇ ಮೂರು ವೇಯ್ಟ್‌ಗಳಿರುವ ಒಂದು ಪುಟ್ಟ ಜಾಲ, ಒಂದು ಹಾಳೆ, ಒಂದು ಕ್ಯಾಲ್ಕ್ಯುಲೇಟರ್ ಸಾಕು.

ಒಬ್ಬ ವಿದ್ಯಾರ್ಥಿ ದಿನಕ್ಕೆ ಎಷ್ಟು ಗಂಟೆ ಓದುತ್ತಾನೆ ಎಂಬುದನ್ನು ನೋಡಿ, ಅವನಿಗೆ ಥಿಯರಿಯಲ್ಲಿ ಎಷ್ಟು, ಪ್ರಾಕ್ಟಿಕಲ್‌ನಲ್ಲಿ ಎಷ್ಟು ಅಂಕ ಬರಬಹುದು ಎಂದು ಊಹಿಸುವ ಜಾಲ ನಮ್ಮದು. ಇನ್‌ಪುಟ್ ಒಂದೇ: ಓದಿನ ಗಂಟೆ, ಅದು x. ನಡುವೆ ಒಂದೇ ಒಂದು ಹಿಡನ್ ನ್ಯೂರಾನ್. ಹೊರಗಿನಿಂದ ಕಾಣದೆ ಒಳಗೇ ಕೂತಿರುವುದರಿಂದ ಅದಕ್ಕೆ ಆ ಹೆಸರು. ನಾವು ಬೇಕಾದರೆ ಅದನ್ನು ‘ತಯಾರಿ’ ಎಂದುಕೊಳ್ಳೋಣ. ತಯಾರಿಯಿಂದ ಎರಡು ದಾರಿ ಕವಲೊಡೆಯುತ್ತವೆ, ಒಂದು ಥಿಯರಿ ಅಂಕಕ್ಕೆ, ಇನ್ನೊಂದು ಪ್ರಾಕ್ಟಿಕಲ್ ಅಂಕಕ್ಕೆ. ಒಂದೊಂದು ದಾರಿಗೂ ಒಂದೊಂದು ವೇಯ್ಟ್ ಇದೆ. ವೇಯ್ಟ್ ಎಂದರೆ ತೂಕ, ಹಾದುಹೋಗುವ ಸಂಖ್ಯೆಯನ್ನು ಗುಣಿಸುವ ಇನ್ನೊಂದು ಸಂಖ್ಯೆ, ಅಷ್ಟೇ. ಒಳಕ್ಕೆ ಬರುವ ದಾರಿಯದು w, ಹೊರಕ್ಕೆ ಹೋಗುವ ಎರಡು ದಾರಿಗಳವು v1 ಮತ್ತು v2. ನಿಜವಾದ ಜಾಲಗಳಲ್ಲಿ ಬಯಾಸ್ ಎಂಬ ಕೂಡುವ ಸಂಖ್ಯೆಯೂ ಇರುತ್ತದೆ. ಲೆಕ್ಕ ಹಗುರವಾಗಲೆಂದು ಅದನ್ನು ಬಿಟ್ಟಿದ್ದೇನೆ.

ಮೊದಲಿಗೆ ವೇಯ್ಟ್‌ಗಳಿಗೆ ಏನೋ ಒಂದು ಬೆಲೆ ಕೊಡಬೇಕು. w = 0.5, v1 = 0.6, v2 = 1.2 ಇರಲಿ. ವಿದ್ಯಾರ್ಥಿ ಓದುವುದು 2 ಗಂಟೆ. ಅವನಿಗೆ ನಿಜಕ್ಕೂ ಬಂದದ್ದು ಥಿಯರಿಯಲ್ಲಿ ನೂರಕ್ಕೆ 90, ಪ್ರಾಕ್ಟಿಕಲ್‌ನಲ್ಲಿ ನೂರಕ್ಕೆ 70, ಅಂದರೆ 0.9 ಮತ್ತು 0.7. ನಮ್ಮ ಜಾಲ ಏನು ಹೇಳುತ್ತದೆ ನೋಡೋಣ.

ಒಳಕ್ಕೆ ಬಂದದ್ದು 0.5 × 2 = 1. ಹಿಡನ್ ನ್ಯೂರಾನ್ ಇದನ್ನು ಹಾಗೇ ಮುಂದಕ್ಕೆ ಬಿಡುವುದಿಲ್ಲ, ಸಿಗ್ಮಾಯ್ಡ್ ಎಂಬ ಉತ್ಪನ್ನದ ಮೂಲಕ ಹಾಯಿಸುತ್ತದೆ. ಎಷ್ಟೇ ದೊಡ್ಡ ಅಥವಾ ಸಣ್ಣ ಸಂಖ್ಯೆ ಬಂದರೂ ಅದನ್ನು 0 ಮತ್ತು 1ರ ನಡುವೆ ಅದುಮಿಡುವ ಮೆಲುವಾದ ಏರು ಅದು. 1 ಒಳಗೆ ಹೋದರೆ 0.7311 ಹೊರಬರುತ್ತದೆ. ಇದು ನ್ಯೂರಾನ್‌ನ ಆಕ್ಟಿವೇಶನ್, ಇದನ್ನು a ಎನ್ನೋಣ. ಇಲ್ಲಿಂದ ಥಿಯರಿ ಅಂಕ 0.6 × 0.7311 = 0.4386, ಪ್ರಾಕ್ಟಿಕಲ್ ಅಂಕ 1.2 × 0.7311 = 0.8773. ಹೀಗೆ ಇನ್‌ಪುಟ್‌ನಿಂದ ಔಟ್‌ಪುಟ್‌ವರೆಗೆ ಲೆಕ್ಕ ಹಾಕಿಕೊಂಡು ಹೋಗುವುದೇ ಫಾರ್ವರ್ಡ್ ಪಾಸ್.

ಥಿಯರಿಯನ್ನು ಜಾಲ 0.4614ರಷ್ಟು ಕಡಿಮೆ ಹೇಳಿತು, ಪ್ರಾಕ್ಟಿಕಲ್ಲನ್ನು 0.1773ರಷ್ಟು ಹೆಚ್ಚು ಹೇಳಿತು. ಈ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿಯಲು ಪ್ರತಿ ವ್ಯತ್ಯಾಸದ ವರ್ಗ ತೆಗೆದು, ಕೂಡಿಸಿ, ಅರ್ಧ ಮಾಡುತ್ತೇವೆ. ಸಿಗುವುದು 0.1221. ಇದು ಲಾಸ್, ನಮ್ಮ ತಪ್ಪಿನ ಒಟ್ಟು ಮೊತ್ತ. ಅರ್ಧ ಏಕೆ ಎಂದರೆ, ವರ್ಗದ ಡಿರೈವೇಟಿವ್ ತೆಗೆಯುವಾಗ ಬರುವ 2 ಅದರೊಂದಿಗೆ ಹೊಡೆದುಹೋಗಲಿ ಎಂದು. ಬೇರೆ ಗೂಢಾರ್ಥವೇನಿಲ್ಲ.

ಈಗ ಮೂರನೆಯ ಪ್ರಶ್ನೆ. ಈ 0.1221ಕ್ಕೆ w ಎಷ್ಟು ಹೊಣೆ? v1 ಎಷ್ಟು? v2 ಎಷ್ಟು?

ಹೊಣೆ ಎಂದರೇನು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಒಂದು ವೇಯ್ಟನ್ನು ಕೂದಲೆಳೆಯಷ್ಟು ಅಲುಗಿಸಿದರೆ ಲಾಸ್ ಅದರ ಎಷ್ಟು ಪಟ್ಟು ಅಲುಗುತ್ತದೆಯೋ ಅದು ಆ ವೇಯ್ಟಿನ ಹೊಣೆ. ಗಣಿತದಲ್ಲಿ ಇದೇ ಡಿರೈವೇಟಿವ್. ಎಲ್ಲ ವೇಯ್ಟ್‌ಗಳ ಹೊಣೆಗಳನ್ನೂ ಸಾಲಾಗಿ ಬರೆದಿಟ್ಟರೆ ಅದು ಗ್ರೇಡಿಯಂಟ್. ಹೊಣೆ ಧನವಾಗಿದ್ದರೆ ವೇಯ್ಟ್ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತದೆ. ಋಣವಾಗಿದ್ದರೆ ವೇಯ್ಟ್ ಹೆಚ್ಚಿದಂತೆ ತಪ್ಪು ಇಳಿಯುತ್ತದೆ.

ಇಷ್ಟೇ ಆದರೆ ಅದನ್ನು ಕಂಡುಹಿಡಿಯಲು ಯಾರಿಗಾದರೂ ಹೊಳೆಯುವ ದಾರಿಯೊಂದಿದೆ. ಒಂದು ವೇಯ್ಟನ್ನು ನಿಜವಾಗಿಯೇ ಸ್ವಲ್ಪ ಅಲುಗಿಸಿ, ಇಡೀ ಜಾಲವನ್ನು ಮತ್ತೆ ಓಡಿಸಿ, ಲಾಸ್ ಎಷ್ಟು ಬದಲಾಯಿತು ನೋಡುವುದು. ಆಮೇಲೆ ಮುಂದಿನ ವೇಯ್ಟ್. ಮೂರು ವೇಯ್ಟ್‌ಗಳಿಗೆ ಇದು ತೊಂದರೆಯೇ ಅಲ್ಲ. ಆದರೆ ಕೈಬರಹದ ಅಂಕಿಗಳನ್ನು ಗುರುತಿಸುವ, ಪಠ್ಯಪುಸ್ತಕಗಳಲ್ಲಿ ಬರುವ ಸಣ್ಣ ಜಾಲವನ್ನೇ ತೆಗೆದುಕೊಳ್ಳಿ. 784 ಇನ್‌ಪುಟ್, 30 ಹಿಡನ್ ನ್ಯೂರಾನ್, 10 ಔಟ್‌ಪುಟ್. ಬಯಾಸ್‌ಗಳೂ ಸೇರಿ ಅಲ್ಲಿ 23,860 ಸಂಖ್ಯೆಗಳಿವೆ. ಒಂದೇ ಒಂದು ಚಿತ್ರದಿಂದ ಪಾಠ ಕಲಿಯಲು ಜಾಲವನ್ನು 23,861 ಸಲ ಓಡಿಸಬೇಕಾಗುತ್ತದೆ. ಎಂನಿಸ್ಟ್ ಎಂಬ ಹೆಸರಾಂತ ಸಂಗ್ರಹದಲ್ಲಿ ತರಬೇತಿಯ ಚಿತ್ರಗಳೇ 60,000 ಇವೆ. ಬ್ಯಾಕ್‌ಪ್ರೊಪಗೇಶನ್ ಇದೇ ಹೊಣೆಗಳನ್ನು, ಒಂದನ್ನೂ ಬಿಡದೆ, ಒಮ್ಮೆ ಮುಂದಕ್ಕೆ ಮತ್ತು ಒಮ್ಮೆ ಹಿಂದಕ್ಕೆ ಹೋಗಿಬಂದು ಕೊಡುತ್ತದೆ. ಹಿಂದಕ್ಕೆ ಬರುವ ಖರ್ಚು ಮುಂದಕ್ಕೆ ಹೋದದ್ದರ ಸುಮಾರು ಎರಡು ಪಟ್ಟು, ಅಷ್ಟೇ. ನನ್ನ ಮಟ್ಟಿಗೆ ಬ್ಯಾಕ್‌ಪ್ರೊಪಗೇಶನ್ ಎಂದರೆ ಈ ಉಳಿತಾಯ. ‘ಕಲಿಯುವುದು’, ‘ಮೆದುಳಿನ ಹಾಗೆ ಯೋಚಿಸುವುದು’ ಇತ್ಯಾದಿ ಅಲಂಕಾರಗಳನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಒಂದು ಜಾಣ ಲೆಕ್ಕಪದ್ಧತಿ.

ಆ ಲೆಕ್ಕವನ್ನು ನಮ್ಮ ಜಾಲದಲ್ಲಿ ಮಾಡೋಣ. ಶುರು ಕೊನೆಯಿಂದ.

ಲಾಸ್‌ಗೆ ತೀರ ಹತ್ತಿರ ಇರುವುದು ಎರಡು ಔಟ್‌ಪುಟ್‌ಗಳು. ಅರ್ಧ ವರ್ಗದ ಡಿರೈವೇಟಿವ್ ಎಂದರೆ ಆ ವ್ಯತ್ಯಾಸವೇ. ಹಾಗಾಗಿ ಥಿಯರಿ ಔಟ್‌ಪುಟ್‌ನ ಹೊಣೆ −0.4614, ಪ್ರಾಕ್ಟಿಕಲ್ ಔಟ್‌ಪುಟ್‌ನ ಹೊಣೆ 0.1773. ಒಂದು ಏರಬೇಕು, ಇನ್ನೊಂದು ಇಳಿಯಬೇಕು. ಇಲ್ಲಿವರೆಗೆ ವಿಶೇಷವೇನೂ ಇಲ್ಲ.

ಒಂದು ಹೆಜ್ಜೆ ಹಿಂದೆ v1 ಇದೆ. v1 ಅಲುಗಿದರೆ ಥಿಯರಿ ಔಟ್‌ಪುಟ್ ಅದರ a ಪಟ್ಟು, ಅಂದರೆ 0.7311 ಪಟ್ಟು ಅಲುಗುತ್ತದೆ, ಏಕೆಂದರೆ ಅದು ಗುಣಿಸುವುದು a ಎಂಬುದನ್ನೇ. ಔಟ್‌ಪುಟ್ ಅಲುಗಿದರೆ ಲಾಸ್ −0.4614 ಪಟ್ಟು ಅಲುಗುತ್ತದೆ. ಎರಡನ್ನೂ ಗುಣಿಸಿದರೆ v1ರ ಹೊಣೆ: −0.3373. ಇದೇ ಚೈನ್ ರೂಲ್, ಸರಪಳಿ ನಿಯಮ. ಪಿಯುಸಿಯಲ್ಲಿ ಉತ್ಪನ್ನದೊಳಗಿನ ಉತ್ಪನ್ನಕ್ಕೆ ಡಿರೈವೇಟಿವ್ ತೆಗೆಯಲು ಕಲಿತದ್ದೇ ಇದು. ಸರಪಳಿಯ ಒಂದೊಂದು ಕೊಂಡಿಯೂ ಅಲುಗಾಟವನ್ನು ಇಷ್ಟು ಪಟ್ಟು ಮಾಡಿ ಮುಂದಕ್ಕೆ ದಾಟಿಸುತ್ತದೆ. ಆ ಪಟ್ಟುಗಳನ್ನೆಲ್ಲ ಗುಣಿಸಿದರೆ ತುದಿಯಿಂದ ತುದಿಗೆ ಎಷ್ಟು ಪಟ್ಟು ಎಂದು ತಿಳಿಯುತ್ತದೆ. ಇದೇ ರೀತಿ v2ರ ಹೊಣೆ 0.1773 × 0.7311 = 0.1296.

ಈಗ ನಡುವಿನ ನ್ಯೂರಾನ್. ಇಲ್ಲಿ ಸ್ವಲ್ಪ ನಿಲ್ಲಬೇಕು. a ಅಲುಗಿದರೆ ಥಿಯರಿಯೂ ಅಲುಗುತ್ತದೆ, ಪ್ರಾಕ್ಟಿಕಲ್ಲೂ ಅಲುಗುತ್ತದೆ. ತಪ್ಪು ಅದರ ಬಳಿಗೆ ಎರಡು ದಾರಿಯಿಂದ ವಾಪಸು ಬರುತ್ತದೆ. ಥಿಯರಿಯ ದಾರಿಯಿಂದ ಬರುವುದು −0.4614 × 0.6 = −0.2768. ಪ್ರಾಕ್ಟಿಕಲ್ ದಾರಿಯಿಂದ 0.1773 × 1.2 = 0.2127. ಒಂದು ‘ನೀನು ಹೆಚ್ಚಾಗು’ ಎನ್ನುತ್ತಿದೆ, ಇನ್ನೊಂದು ‘ಕಡಿಮೆಯಾಗು’ ಎನ್ನುತ್ತಿದೆ. ಎರಡನ್ನೂ ಕೂಡಿಸಬೇಕು: −0.0641. ಹೊರಗೆ ಅಷ್ಟು ದೊಡ್ಡ ತಪ್ಪು ಇದ್ದರೂ ನಡುವಿನ ನ್ಯೂರಾನ್‌ಗೆ ಬಂದು ಮುಟ್ಟಿದ ಹೊಣೆ ಇಷ್ಟೇ, ಏಕೆಂದರೆ ಎರಡು ದೂರುಗಳು ಒಂದನ್ನೊಂದು ಬಹುಪಾಲು ಅಳಿಸಿಹಾಕಿದವು. ಸರಪಳಿಯುದ್ದಕ್ಕೂ ಗುಣಿಸು, ಕವಲು ಸೇರುವಲ್ಲಿ ಕೂಡಿಸು. ಬ್ಯಾಕ್‌ಪ್ರೊಪಗೇಶನ್‌ನ ಗಣಿತ ಇದಕ್ಕಿಂತ ಹೆಚ್ಚಿಲ್ಲ.

ಇನ್ನೆರಡು ಕೊಂಡಿ ಉಳಿದಿವೆ. ಸಿಗ್ಮಾಯ್ಡ್‌ನ ಏರು ಆ ಜಾಗದಲ್ಲಿ ಎಷ್ಟು ಕಡಿದಾಗಿದೆ ಎಂಬುದು a(1 − a), ಅಂದರೆ 0.7311 × 0.2689 = 0.1966. −0.0641ನ್ನು ಇದರಿಂದ ಗುಣಿಸಿದರೆ −0.0126. ಕೊನೆಗೆ w ಗುಣಿಸುತ್ತಿದ್ದದ್ದು x ಎಂಬ 2ನ್ನು. ಹಾಗಾಗಿ wನ ಹೊಣೆ −0.0252.

ಹಿಂದಿನಿಂದ ಏಕೆ ಬರಬೇಕು, ಮುಂದಿನಿಂದ ಹೋದರೆ ಆಗದೇ ಎಂದು ಕೇಳಬಹುದು. ನಮ್ಮ ಜಾಲದಲ್ಲಿ wನಿಂದ ಲಾಸ್‌ಗೆ ಇರುವುದು ಎರಡೇ ದಾರಿ. ತಲಾ 30 ನ್ಯೂರಾನ್‌ಗಳ ಮೂರು ಹಿಡನ್ ಲೇಯರ್‌ಗಳು, ಅಂದರೆ ಮೂರು ಪದರಗಳು, ಮತ್ತು 10 ಔಟ್‌ಪುಟ್ ಇದ್ದರೆ ಮೊದಲ ಪದರಕ್ಕೆ ಬರುವ ಒಂದೇ ವೇಯ್ಟ್‌ನಿಂದ ಔಟ್‌ಪುಟ್‌ಗಳಿಗೆ 30 × 30 × 10, ಅಂದರೆ 9,000 ದಾರಿಗಳಿರುತ್ತವೆ. ಒಂದೊಂದು ವೇಯ್ಟ್‌ಗೂ ಅಷ್ಟು ದಾರಿ ಸವೆಸುವುದು ಮೂರ್ಖತನ. ಹಿಂದಿನಿಂದ ಬಂದರೆ ಪ್ರತಿ ನ್ಯೂರಾನ್‌ನ ಹೊಣೆಯನ್ನು ಒಮ್ಮೆ ಕೂಡಿಸಿ ಬರೆದಿಟ್ಟರಾಯಿತು. ಅದರ ಹಿಂದೆ ಇರುವ ಎಲ್ಲ ವೇಯ್ಟ್‌ಗಳೂ ಆ ಒಂದೇ ಸಂಖ್ಯೆಯನ್ನು ಬಳಸಿಕೊಳ್ಳುತ್ತವೆ. ಇದಕ್ಕೆ ತೆರುವ ಬೆಲೆ ಮೆಮೊರಿ. ಹಿಂದಕ್ಕೆ ಬರುವಾಗ a ಬೇಕಾಯಿತಲ್ಲ, x ಬೇಕಾಯಿತಲ್ಲ? ಫಾರ್ವರ್ಡ್ ಪಾಸ್‌ನಲ್ಲಿ ಹುಟ್ಟಿದ ಆಕ್ಟಿವೇಶನ್‌ಗಳನ್ನು ಎಸೆಯದೆ ಕಾದಿಡಬೇಕು. ಓಡಿಸುವಾಗ ಸುಮ್ಮನಿದ್ದ ಜಾಲ, ತರಬೇತಿ ಕೊಡಲು ಹೊರಟಾಗ ಜಿಪಿಯುವಿನ ಮೆಮೊರಿ ಸಾಲದು ಎಂದು ಮುಷ್ಕರ ಹೂಡಲು ಇದು ಒಂದು ದೊಡ್ಡ ಕಾರಣ.

ಇಲ್ಲಿಗೆ ಬ್ಯಾಕ್‌ಪ್ರೊಪಗೇಶನ್ ಮುಗಿಯಿತು. ವೇಯ್ಟ್ ಇನ್ನೂ ಒಂದೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಬದಲಾಯಿಸುವುದು ಗ್ರೇಡಿಯಂಟ್ ಡಿಸೆಂಟ್ ಎಂಬ ಬೇರೆಯೇ ಕೆಲಸ: ಹೊಣೆಯ ವಿರುದ್ಧ ದಿಕ್ಕಿಗೆ ಒಂದು ಸಣ್ಣ ಹೆಜ್ಜೆ. ಹೆಜ್ಜೆಯ ಅಳತೆ ಲರ್ನಿಂಗ್ ರೇಟ್, ನಾವು 0.5 ಇಟ್ಟುಕೊಳ್ಳೋಣ. v1 0.6ರಿಂದ 0.7686ಕ್ಕೆ ಏರುತ್ತದೆ, v2 1.2ರಿಂದ 1.1352ಕ್ಕೆ ಇಳಿಯುತ್ತದೆ, w 0.5126 ಆಗುತ್ತದೆ. ಮತ್ತೆ ಮುಂದಕ್ಕೆ ಓಡಿಸಿ ನೋಡಿದರೆ ಲಾಸ್ 0.1221ರಿಂದ 0.0651ಕ್ಕೆ ಬಂದಿರುತ್ತದೆ. ಒಂದೇ ಹೆಜ್ಜೆಯಲ್ಲಿ ಹೆಚ್ಚುಕಡಿಮೆ ಅರ್ಧ.

ಇಡೀ ಲೆಕ್ಕ ಪೈಥಾನ್‌ನಲ್ಲಿ ಇಷ್ಟೇ:

```python
import math
x, t1, t2 = 2.0, 0.9, 0.7
w, v1, v2 = 0.5, 0.6, 1.2

a = 1 / (1 + math.exp(-w * x))
e1, e2 = v1 * a - t1, v2 * a - t2

dv1, dv2 = e1 * a, e2 * a
da = e1 * v1 + e2 * v2
dw = da * a * (1 - a) * x

v1 -= 0.5 * dv1
v2 -= 0.5 * dv2
w  -= 0.5 * dw
```

ಈ ಕೋಡ್ ಬರೆಯುವಾಗ ಆಗುವ ಒಂದು ತಪ್ಪನ್ನು ಹೇಳಲೇಬೇಕು, ಏಕೆಂದರೆ ಅದು ಸಿಕ್ಕಿಬೀಳುವುದಿಲ್ಲ. v1, v2ಗಳ ಹೊಣೆ ಸಿಕ್ಕ ಕೂಡಲೇ ಅವನ್ನು ಬದಲಾಯಿಸಿಬಿಟ್ಟು, ಆಮೇಲೆ `da` ಸಾಲಿಗೆ ಬರುವುದು. ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ತಪ್ಪು ನಡೆದದ್ದು ಹಳೆಯ v1, v2ಗಳಿಂದ. ಹೊಣೆ ಅವುಗಳ ಮೂಲಕವೇ ಹಿಂದಕ್ಕೆ ಬರಬೇಕು. ಹೊಸವುಗಳ ಮೂಲಕ ಬಂದರೆ ಎರಡು ದೂರುಗಳ ತೂಗಾಟ ಕೆಟ್ಟು `da` −0.0641ರ ಬದಲು −0.1534 ಆಗುತ್ತದೆ, `dw` −0.0252ರ ಬದಲು −0.0603. ಎರಡೂವರೆ ಪಟ್ಟಿನ ಹತ್ತಿರ ತಪ್ಪು.

ಮೋಜು ಇರುವುದು ಮುಂದೆ. ಈ ತಪ್ಪು ಲೆಕ್ಕದಿಂದ ವೇಯ್ಟ್ ಬದಲಾಯಿಸಿ ಜಾಲವನ್ನು ಓಡಿಸಿದರೆ ಲಾಸ್ 0.0644ಕ್ಕೆ ಬರುತ್ತದೆ. ಸರಿಯಾದ ಲೆಕ್ಕ ಕೊಟ್ಟ 0.0651ಕ್ಕಿಂತ ಕಡಿಮೆ! ಚಿಹ್ನೆ ಸರಿಯಾಗಿದ್ದದ್ದರಿಂದ ದಿಕ್ಕು ತಪ್ಪಲಿಲ್ಲ, ಹೆಜ್ಜೆ ದೊಡ್ಡದಾಗಿದ್ದದ್ದರಿಂದ ಈ ಸಲ ಲಾಭವೇ ಆಯಿತು. ‘ಲಾಸ್ ಇಳೀತಾ ಇದೆ ಸರ್, ಕೋಡ್ ಸರಿ ಇದೆ’ ಎಂಬ ಮಾತನ್ನು ನಂಬಬಾರದು ಎನ್ನುವುದು ಇದಕ್ಕೇ. ಇನ್ನೊಂದು ದತ್ತಾಂಶದಲ್ಲಿ ಇದೇ ತಪ್ಪು ಚಿಹ್ನೆಯನ್ನೇ ತಿರುಗಿಸಬಹುದು, ದೊಡ್ಡ ಜಾಲದಲ್ಲಿ ಕಾರಣ ತಿಳಿಯದ ಕುಂಟುತನವಾಗಿ ಉಳಿಯಬಹುದು.

ಹಿಡಿಯುವ ಉಪಾಯ ಆಗ ಬೇಡವೆಂದು ಬಿಟ್ಟ ಅದೇ ಅಲುಗಿಸುವ ವಿಧಾನ. ತರಬೇತಿಗೆ ಅದು ದುಬಾರಿ, ತನಿಖೆಗೆ ಅದೇ ಸಾಕ್ಷಿ. ಇದರ ಹೆಸರು ಗ್ರೇಡಿಯಂಟ್ ಚೆಕ್. wಯನ್ನು 0.501 ಮಾಡಿ ಲಾಸ್ ನೋಡಿ, 0.499 ಮಾಡಿ ಲಾಸ್ ನೋಡಿ, ವ್ಯತ್ಯಾಸವನ್ನು 0.002ರಿಂದ ಭಾಗಿಸಿ. −0.0252 ಬರುತ್ತದೆ. −0.0603 ಎಂದು ಹೇಳಿದ ಕೋಡ್ ಅಲ್ಲೇ ಸಿಕ್ಕಿಬಿತ್ತು. ಎರಡೂ ಬದಿಗೆ ಅಲುಗಿಸುವುದು ಏಕೆಂದರೆ ಒಂದೇ ಬದಿಗೆ ಅಲುಗಿಸಿದರೆ ವಕ್ರರೇಖೆಯ ಬಾಗು ಲೆಕ್ಕದೊಳಗೆ ನುಸುಳುತ್ತದೆ, ಎರಡೂ ಬದಿಯಾದರೆ ಬಹುಮಟ್ಟಿಗೆ ಹೊಡೆದುಹೋಗುತ್ತದೆ. ಹಾಗೆಂದು ಅಲುಗಾಟವನ್ನು ತೀರಾ ಸಣ್ಣದು ಮಾಡಲೂ ಬಾರದು. ಎರಡು ಲಾಸ್‌ಗಳು ಹತ್ತಿರ ಹತ್ತಿರ ಬಂದಷ್ಟೂ ಕಳೆಯುವಾಗ ಕಂಪ್ಯೂಟರಿನ ದಶಾಂಶಗಳು ಸಾಲದೆ ಉಳಿಯುವುದು ಬರೀ ಕಸ.

ಈ ಕಸದ ಮಾತು ಬಂದದ್ದರಿಂದ ಒಂದು ಹಳೆಯ ಕತೆ. ಫಿನ್ಲೆಂಡಿನ ಸೆಪ್ಪೊ ಲಿನ್ನೈನ್ಮಾ 1970ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಫಿನ್ನಿಶ್ ಭಾಷೆಯಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದ ವಿಷಯ ನ್ಯೂರಲ್ ನೆಟ್‌ವರ್ಕ್ ಅಲ್ಲವೇ ಅಲ್ಲ. ಉದ್ದನೆಯ ಲೆಕ್ಕದಲ್ಲಿ ದಶಾಂಶ ಕತ್ತರಿಸುವುದರಿಂದ ಆಗುವ ಸಣ್ಣಸಣ್ಣ ತಪ್ಪುಗಳು ಕೊನೆಯ ಉತ್ತರಕ್ಕೆ ಎಷ್ಟೆಷ್ಟು ತಗಲುತ್ತವೆ ಎಂಬ ಪ್ರಶ್ನೆ ಅವರದು. ಅದಕ್ಕೆ ಅವರು ಕೊಟ್ಟದ್ದು ಕೊನೆಯಿಂದ ಹಿಂದಕ್ಕೆ ಬರುವ ಇದೇ ಲೆಕ್ಕ. ಪಾಲ್ ವರ್ಬೋಸ್ 1974ರ ಹಾರ್ವರ್ಡ್ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ಬೇರೆ ದಾರಿಯಿಂದ ತಲುಪಿದರು. ಜನ ಕಣ್ಣೆತ್ತಿ ನೋಡಿದ್ದು 1986ರಲ್ಲಿ, ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಮೂವರೂ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗ. ಅವರ ಒಂದು ಉದಾಹರಣೆ 24 ಜನರ ಎರಡು ವಂಶವೃಕ್ಷಗಳದ್ದು. ಯಾರು ಯಾವ ತಲೆಮಾರಿನವರು ಎಂದು ಜಾಲಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಸಂಬಂಧಗಳನ್ನು ಕಲಿಯುತ್ತ ಕಲಿಯುತ್ತ ಹಿಡನ್ ನ್ಯೂರಾನ್‌ಗಳಲ್ಲಿ ಕೆಲವು ತಲೆಮಾರನ್ನು ಗುರುತಿಸತೊಡಗಿದ್ದವು. ಲೆಕ್ಕ ಹಳೆಯದು. ಅದರಿಂದ ನಡುವಿನ ನ್ಯೂರಾನ್‌ಗಳು ಹೀಗೆ ತಮ್ಮದೇ ಅರ್ಥ ಕಟ್ಟಿಕೊಳ್ಳುತ್ತವೆ ಎಂದು ತೋರಿಸಿದ್ದು ಹೊಸದು.

ಇನ್ನು ಈ ವಿಧಾನದ ಸುಸ್ತು ಎಲ್ಲಿದೆ ನೋಡೋಣ. ಹಿಂದಕ್ಕೆ ಬರುವಾಗ ಸಿಗ್ಮಾಯ್ಡ್‌ನಲ್ಲಿ ನಾವು 0.1966ರಿಂದ ಗುಣಿಸಿದೆವಲ್ಲ, ಆ ಗುಣಕ ಎಂದಿಗೂ 0.25ನ್ನು ಮೀರದು. a(1 − a) ಎಂಬುದರ ಗರಿಷ್ಠ ಬೆಲೆಯೇ ಅದು. ಅಂದರೆ ಪ್ರತಿ ಪದರ ದಾಟುವಾಗಲೂ ಸಿಗ್ಮಾಯ್ಡ್ ಹೊಣೆಯನ್ನು ಕನಿಷ್ಠ ನಾಲ್ಕನೇ ಒಂದಕ್ಕೆ ಇಳಿಸುತ್ತದೆ. ಹತ್ತು ಪದರ ದಾಟಿದರೆ ಆ ಗುಣಕವೊಂದೇ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ನಡುವಿನ ವೇಯ್ಟ್‌ಗಳು ದೊಡ್ಡದಾಗಿದ್ದು ತುಂಬಿಕೊಡದಿದ್ದರೆ ಮೊದಲ ಪದರಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಇದು ವ್ಯಾನಿಶಿಂಗ್ ಗ್ರೇಡಿಯಂಟ್, ಕರಗಿಹೋಗುವ ಹೊಣೆ. ಜರ್ಮನಿಯ ಸೆಪ್ ಹೋಕ್‌ರೈಟರ್ 1991ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ತಮ್ಮ ಡಿಪ್ಲೊಮಾ ಪ್ರಬಂಧದಲ್ಲಿ ಇದನ್ನು ಬಿಡಿಸಿ ತೋರಿಸಿದ್ದರು. ಈಗ ಹಿಡನ್ ಪದರಗಳಲ್ಲಿ ಹೆಚ್ಚಾಗಿ ಬಳಸುವ ರೆಲು ಎಂಬ ಉತ್ಪನ್ನಕ್ಕೆ ಈ ತೊಂದರೆ ಇಲ್ಲ. ಬಂದದ್ದು ಧನವಾಗಿದ್ದರೆ ಹಾಗೇ ಬಿಡುತ್ತದೆ, ಗುಣಕ ಸರಿಯಾಗಿ 1. ಋಣವಾಗಿದ್ದರೆ ಗುಣಕ 0, ಹೊಣೆ ಪೂರ್ತಿ ನಿಂತುಹೋಗುತ್ತದೆ. ಯಾವ ದತ್ತಾಂಶ ಕೊಟ್ಟರೂ ಋಣದಲ್ಲೇ ಸಿಕ್ಕಿಕೊಂಡ ರೆಲು ನ್ಯೂರಾನ್ ಮತ್ತೆ ಏಳುವುದು ಕಷ್ಟ.

ಕರಗುವುದನ್ನು ಕಣ್ಣಾರೆ ನೋಡಲು ಹತ್ತು ಪದರ ಬೇಕೆಂದೇನಿಲ್ಲ. ಮೇಲಿನ ಕೋಡ್‌ನಲ್ಲಿ wಯನ್ನು 0.5ರ ಬದಲು 5 ಎಂದು ಬರೆದು, `a` ಸಾಲಿನಿಂದ ಕೆಳಗಿನದನ್ನೆಲ್ಲ ಇಪ್ಪತ್ತು ಸುತ್ತು ಓಡಿಸಿ. ಒಳಕ್ಕೆ ಬರುವುದು 10, a 0.99995. ಸಿಗ್ಮಾಯ್ಡ್ ಅಲ್ಲಿ ಬಯಲಿನಷ್ಟು ಚಪ್ಪಟೆ, ಗುಣಕ 0.000045. ಇಪ್ಪತ್ತು ಸುತ್ತಾದ ಮೇಲೆ ಲಾಸ್ ಹೆಚ್ಚುಕಡಿಮೆ ಸೊನ್ನೆ. v1 0.9ಕ್ಕೆ, v2 0.7ಕ್ಕೆ ಬಂದು ಕೂತಿವೆ, ಉತ್ತರ ಸರಿ. w ಮಾತ್ರ 4.99997. ಔಟ್‌ಪುಟ್‌ನ ಎರಡು ವೇಯ್ಟ್‌ಗಳೇ ಸೇರಿ ತಪ್ಪನ್ನು ಮುಚ್ಚಿಹಾಕಿವೆ, ನಡುವಿನ ನ್ಯೂರಾನ್ ಕೂತಲ್ಲಿಂದ ಎದ್ದಿಲ್ಲ. ಈಗ ಈ ಜಾಲಕ್ಕೆ ದಿನಕ್ಕೆ ಒಂದೇ ಗಂಟೆ ಓದುವ ಹುಡುಗನನ್ನು ಕೊಡಿ. ಥಿಯರಿಯಲ್ಲಿ ಅವನಿಗೆ 89 ಎನ್ನುತ್ತದೆ. ಎರಡು ಗಂಟೆ ಓದುವವನಿಗೆ 90, ಹತ್ತು ಗಂಟೆ ಓದುವವನಿಗೂ 90. ಓದದೇ ಇದ್ದವನಿಗೆ 45.